ನೆರೆ ಬರುವ ಮೊದಲು ಜನ ಎದ್ದು ಹೊರಡುವಂಥ ವಿಡಿಯೊ: ಸ್ಕ್ರಿಪ್ಟ್ ಬರೆಯುವ ಪೂರ್ತಿ ವಿಧಾನ

ಪ್ರತಿ ಜೂನ್‌ನಲ್ಲಿ ನನಗೆ ನಾಲ್ಕಾರು ಸ್ಕ್ರಿಪ್ಟ್ ಬರುತ್ತವೆ. ಬರೆದವರು ಊರಿನ ಯುವಕ ಸಂಘದವರು, ಶಿಕ್ಷಕರು, ಪಂಚಾಯಿತಿಯವರು. ಎಲ್ಲರ ಕಾಳಜಿಯೂ ನಿಜವಾದದ್ದೇ. ಆದರೆ ತಪ್ಪು ಮಾತ್ರ ಪ್ರತಿ ವರ್ಷ ಅದೇ. ಮೊದಲ ಒಂದು ನಿಮಿಷ ಉಕ್ಕುವ ಹೊಳೆ, ಕುಸಿಯುವ ಮನೆ, ಎದೆ ಬಡಿಯುವ ಸಂಗೀತ. ಆಮೇಲೆ ಅಣೆಕಟ್ಟಿನಿಂದ ಎಷ್ಟು ಕ್ಯೂಸೆಕ್ ಬಿಟ್ಟರು ಅನ್ನೋ ಲೆಕ್ಕ. ಏನು ಮಾಡಬೇಕು ಅನ್ನೋದು ಕೊನೆಯ ಇಪ್ಪತ್ತು ಸೆಕೆಂಡಿನಲ್ಲಿ, ಅದೂ ಒಂದೇ ಉಸಿರಲ್ಲಿ ಹತ್ತು ಸೂಚನೆ. ಅಷ್ಟು ಹೊತ್ತಿಗೆ ನೋಡುವವರು ವಿಡಿಯೊ ಸರಿಸಿ ಮುಂದೆ ಹೋಗಿರುತ್ತಾರೆ.

ಈ ಬರಹದಲ್ಲಿ ಒಂದೇ ಪ್ರಕಾರದ ನೆರೆ ತೆಗೆದುಕೊಂಡಿದ್ದೇನೆ: ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ಸುತ್ತಲಿನ ಕೃಷ್ಣಾ, ದೂಧಗಂಗಾ ದಂಡೆಯ ಊರುಗಳ ನೆರೆ. 2019ರ ಆಗಸ್ಟ್‌ನಲ್ಲೂ 2021ರ ಜುಲೈನಲ್ಲೂ ಅಲ್ಲಿ ನೀರು ಊರೊಳಗೆ ಬಂದಿತ್ತು. ಅಲ್ಲಿನ ನೆರೆಗೆ ಒಂದು ಗುಣವಿದೆ. ನೀರು ಹೆಚ್ಚಾಗಿ ಮೇಲಿನಿಂದ, ಮಹಾರಾಷ್ಟ್ರದ ಕಡೆಯಿಂದ ಬರುತ್ತದೆ. ಊರಲ್ಲಿ ಬಿಸಿಲಿದ್ದರೂ ಹೊಳೆ ಏರುತ್ತದೆ. ಬರುವ ಮೊದಲು ಸ್ವಲ್ಪ ಸಮಯವನ್ನೂ ಕೊಡುತ್ತದೆ. ಆ ಸಮಯವನ್ನು ಜನ ಹೇಗೆ ಬಳಸಬೇಕು ಅನ್ನೋದೇ ಸ್ಕ್ರಿಪ್ಟಿನ ಕೆಲಸ. ಕಾಳಿ ದಂಡೆಗೋ ಕರಾವಳಿಯ ಚಂಡಮಾರುತಕ್ಕೋ ಬರೆಯುವವರಿಗೆ ಗುರುತುಗಳೂ ಗಂಟೆಗಳೂ ಬೇರೆಯಾಗುತ್ತವೆ. ಬರೆಯುವ ಸರದಿ ಮಾತ್ರ ಇದೇ.

## ಬರೆಯಲು ಕೂರುವ ಮೊದಲು ಕೈಯಲ್ಲಿರಬೇಕಾದದ್ದು

ಕ್ಯಾಮೆರಾ ದೊಡ್ಡದೇನೂ ಬೇಡ, ಫೋನ್ ಸಾಕು. ಜೊತೆಗೆ ಅಂಗಿಗೆ ಸಿಕ್ಕಿಸುವ ಸಣ್ಣ ಮೈಕ್, ಫೋನ್ ನಿಲ್ಲಿಸಲು ಒಂದು ಸ್ಟ್ಯಾಂಡ್, ಹತ್ತು ಮೀಟರ್ ನೀಲಿ ರಿಬ್ಬನ್, ಅಳತೆ ಟೇಪ್. ರಿಬ್ಬನ್ ಯಾಕೆ ಅನ್ನೋದು ಐದನೇ ಹಂತದಲ್ಲಿ ಬರುತ್ತದೆ.

ಇದಕ್ಕಿಂತ ಮುಖ್ಯವಾಗಿ ಮೂರು ಜನ ಬೇಕು. ಹಿಂದಿನ ನೆರೆಯಲ್ಲಿ ಕೊನೆಯವರೆಗೂ ಊರಲ್ಲೇ ಇದ್ದ ಒಬ್ಬ ಹಿರಿಯರು. ಊರಿನ ಲೈನ್‌ಮನ್. ಕಾಳಜಿ ಕೇಂದ್ರ ಈ ಸಲ ಎಲ್ಲಿ ತೆರೆಯುತ್ತಾರೆ ಅಂತ ಖಚಿತವಾಗಿ ಹೇಳಬಲ್ಲ ಗ್ರಾಮ ಆಡಳಿತ ಅಧಿಕಾರಿ ಅಥವಾ ಪಿಡಿಒ. ಈ ಮೂವರ ಜೊತೆ ಮಾತಾಡದೆ ಬರೆದ ಸ್ಕ್ರಿಪ್ಟ್ ಯಾವ ಊರಿಗೂ ಹೊಂದುವಂತೆ ಕಾಣುತ್ತದೆ, ಅಂದರೆ ಯಾವ ಊರಿಗೂ ಹೊಂದುವುದಿಲ್ಲ.

## ಹಂತ 1: ಕ್ಯೂಸೆಕ್ ಬಿಡಿ, ಊರಿನ ಗುರುತು ಹುಡುಕಿ

ಮಳೆಗಾಲದಲ್ಲಿ ಆ ಭಾಗದ ಪತ್ರಿಕೆ ತೆರೆದರೆ ಮೂರು ಅಂಕಿ ಇರುತ್ತವೆ. ರಾಜಾಪುರ ಬ್ಯಾರೇಜ್‌ನಿಂದ ಬರುವ ನೀರು, ದೂಧಗಂಗಾದಿಂದ ಬರುವ ನೀರು, ಎರಡೂ ಸೇರಿ ಕಲ್ಲೋಳದ ಬಳಿ ಕೃಷ್ಣೆಯಲ್ಲಿ ಹರಿಯುವ ನೀರು. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಅಧಿಕಾರಿಗಳಿಗೆ ಈ ಲೆಕ್ಕ ಬೇಕೇ ಬೇಕು. ಆದರೆ ಒಂದು ಲಕ್ಷ ಕ್ಯೂಸೆಕ್ ಅಂದಾಗ ತನ್ನ ಕೊಟ್ಟಿಗೆಗೆ ನೀರು ಬರುತ್ತದೋ ಇಲ್ಲವೋ ಅಂತ ಹಟ್ಟಿಯ ಮುಂದೆ ನಿಂತ ಅಜ್ಜಿಗೆ ಹೇಗೆ ತಿಳಿಯಬೇಕು?

ಅದಕ್ಕೆ ಅಂಕಿಯನ್ನು ಕಣ್ಣಿಗೆ ಕಾಣುವ ಗುರುತಾಗಿ ಬದಲಿಸಿ. ಹಿರಿಯರ ಜೊತೆ ಹೊಳೆ ದಂಡೆಯಿಂದ ಊರ ಕಡೆಗೆ ನಡೆಯುತ್ತಾ ಬನ್ನಿ. ನೀರು ಮೊದಲು ಎಲ್ಲಿ ಮುಟ್ಟಿತು, ಆಮೇಲೆ ಎಲ್ಲಿ, ನಡುವೆ ಎಷ್ಟು ಗಂಟೆ ಅಂತ ಕೇಳುತ್ತಾ ಬನ್ನಿ. ‘ರಾತ್ರಿ ಊಟದ ಹೊತ್ತಿಗೆ’, ‘ಬೆಳಗಿನ ಹಾಲು ಕರೆಯುವಾಗ’ ಅಂತ ಉತ್ತರ ಬರುತ್ತದೆ. ಅದನ್ನೇ ಬರೆದುಕೊಳ್ಳಿ, ಗಂಟೆಯ ಲೆಕ್ಕ ಆಮೇಲೆ ಮಾಡಬಹುದು. ಇಬ್ಬರು ಮೂವರನ್ನು ಬೇರೆ ಬೇರೆಯಾಗಿ ಕೇಳಿ. ಉತ್ತರ ಬೇರೆ ಬಂದರೆ ಎಲ್ಲಕ್ಕಿಂತ ಕಡಿಮೆ ಗಂಟೆ ಹೇಳಿದವರ ಮಾತನ್ನು ಹಿಡಿಯಿರಿ.

ಮೂರು ಗುರುತು ಸಾಕು. ನಾನು ಕೆಲಸ ಮಾಡಿದ ದೂಧಗಂಗಾ ದಂಡೆಯ ಒಂದು ಊರಿನಲ್ಲಿ ಅವು ಹೀಗಿದ್ದವು. ಮೊದಲನೆಯದು ಹೊಳೆ ದಂಡೆಯ ಜಾಕ್‌ವೆಲ್ ಕಟ್ಟೆ, ಅಂದರೆ ಹೊಳೆ ನೀರನ್ನು ಪಂಪಿನಿಂದ ಎತ್ತುವ ಬಾವಿಯ ಕಟ್ಟೆ. ಎರಡನೆಯದು ಊರಿಂದ ಹೊರಗೆ ಹೋಗುವ ರಸ್ತೆಯ ಹಳ್ಳದ ಮೋರಿ. ಮೂರನೆಯದು ಹನುಮಪ್ಪನ ಗುಡಿಯ ಮೊದಲ ಮೆಟ್ಟಿಲು.

ಇಲ್ಲಿ ಒಂದು ತಪ್ಪನ್ನು ಹೆಚ್ಚಿನವರು ಮಾಡುತ್ತಾರೆ, ನಾನೂ ಮಾಡಿದ್ದೆ. ಮೊದಲ ಸಲ ಬರೆದಾಗ ನಾನು ರಸ್ತೆಯ ಮೋರಿಯನ್ನು ಗುರುತಾಗಿ ಹಿಡಿದಿರಲೇ ಇಲ್ಲ. ಗುಡಿಯ ಮೆಟ್ಟಿಲಿಗೆ ನೀರು ಬಂದರೆ ಹೊರಡಿ ಅಂತ ಬರೆದಿದ್ದೆ. ಅಲ್ಲಿನ ಒಬ್ಬ ರೈತರು ಓದಿಸಿ ಕೇಳಿ, ‘ಗುಡೀಗೆ ನೀರು ಬರೂದ್ರಾಗ ದಾರಿ ಮುಚ್ಚಿರತೈತಿ. ಹೊರಡೂದು ಎಲ್ಲಿಂದ?’ ಅಂದರು. ಆ ಊರುಗಳಲ್ಲಿ ಮನೆಗೆ ನೀರು ಬರುವ ಮೊದಲು ದಾರಿಗೆ ನೀರು ಬರುತ್ತದೆ. ಊರು ನಡುಗಡ್ಡೆಯಾಗುತ್ತದೆ. ಮನೆ ಒಣಗಿದೆ ಅಂತ ಕೂತವರು ಕೊನೆಗೆ ದೋಣಿಗೆ ಕಾಯಬೇಕಾಗುತ್ತದೆ. ಆದ್ದರಿಂದ ‘ಹೊರಡಿ’ ಅನ್ನೋ ಮಾತು ಯಾವತ್ತೂ ಹೊರದಾರಿಯ ಅತಿ ತಗ್ಗಾದ ಜಾಗಕ್ಕಿಂತ ಮೊದಲಿನ ಗುರುತಿಗೆ ಕಟ್ಟಿರಬೇಕು. ಸ್ಕ್ರಿಪ್ಟಿನಲ್ಲಿ ಒಂದೇ ಒಂದು ವಿಷಯ ಸರಿ ಇರಬೇಕು ಅಂದರೆ ಅದು ಇದು.

## ಹಂತ 2: ಕೆಲಸಗಳನ್ನು ಸರದಿಗೆ ಹಾಕಿ

ಈಗ ಒಂದು ಹಾಳೆಯಲ್ಲಿ ಮನೆಯವರು ಮಾಡಬೇಕಾದ ಕೆಲಸಗಳನ್ನೆಲ್ಲ ಬರೆಯಿರಿ. ಪ್ರತಿ ಕೆಲಸದ ಮುಂದೆ ಎರಡು ಪ್ರಶ್ನೆಗೆ ಉತ್ತರ ಬರೆಯಿರಿ: ಎಷ್ಟು ಹೊತ್ತು ಬೇಕು? ಯಾವ ಗುರುತಿನ ನಂತರ ಇದು ಆಗುವುದೇ ಇಲ್ಲ? ಸರದಿ ಹುಟ್ಟುವುದು ಈ ಎರಡು ಉತ್ತರದಿಂದ. ಮುಖ್ಯ ಯಾವುದು ಅಂತ ಯೋಚಿಸುತ್ತಾ ಕೂತರೆ ಎಲ್ಲವೂ ಮುಖ್ಯವೇ ಅನಿಸುತ್ತದೆ.

ಹೊಳೆ ದಂಡೆಯ ಪಂಪ್‌ಸೆಟ್ ಮೋಟರ್ ನೋಡಿ. ನೀರು ಏರಿದ ಮೇಲೆ ಅದನ್ನು ಬಿಚ್ಚಲು ಹೋಗುವುದು ತೀರಾ ಅಪಾಯ. ಅದು ಮೊದಲ ಗುರುತಿಗಿಂತ ಮುಂಚಿನ ಕೆಲಸ. ಮೊದಲ ಗುರುತು ಮುಟ್ಟಿದ ಮೇಲೆ ಮೋಟರ್ ಸುದ್ದಿಯೇ ಸ್ಕ್ರಿಪ್ಟಿನಲ್ಲಿ ಬರಬಾರದು, ‘ಬಿಟ್ಟುಬಿಡಿ’ ಅನ್ನೋ ಒಂದು ಮಾತು ಬಿಟ್ಟು.

ದನಕರುಗಳ ವಿಷಯಕ್ಕೆ ಹೆಚ್ಚು ಜಾಗ ಕೊಡಿ. ಜನ ಮನೆ ಬಿಡದಿರಲು ಭಯ ಇಲ್ಲದಿರುವುದು ಕಾರಣವಲ್ಲ. ‘ದನಾ ಬಿಟ್ಟು ಹ್ಯಾಂಗ್ ಬರೂದು?’ ಅನ್ನೋದು ಕಾರಣ. ದನಗಳನ್ನು ಎಲ್ಲಿ ಕಟ್ಟಬೇಕು, ಮೇವು ಎಲ್ಲಿ ಸಿಗುತ್ತದೆ ಅಂತ ಹೇಳದ ವಿಡಿಯೊ ಎಷ್ಟು ಚೆನ್ನಾಗಿದ್ದರೂ ಯಾರನ್ನೂ ಎಬ್ಬಿಸುವುದಿಲ್ಲ.

ಆ ಊರಿನ ಲೆಕ್ಕವನ್ನೇ ಹೇಳುತ್ತೇನೆ. ತಗ್ಗಿನ ಓಣಿಯಲ್ಲಿ 60 ದನಗಳು. ಜಾಕ್‌ವೆಲ್ ಕಟ್ಟೆಗೆ ನೀರು ಮುಟ್ಟಿದ ಮೇಲೆ ಮೋರಿ ಮುಚ್ಚಲು ಹಿಂದಿನ ಸಲ ಸುಮಾರು 7 ಗಂಟೆ ಆಗಿತ್ತು. ಆದರೆ ರಾತ್ರಿಯಾಗಬಹುದು, ಮೇಲಿನಿಂದ ನೀರು ಜಾಸ್ತಿ ಬಿಡಬಹುದು. ಅದಕ್ಕೆ ಅರ್ಧವನ್ನಷ್ಟೇ ನಂಬಬೇಕು: ಮೂರೂವರೆ ಗಂಟೆ. ಇರುವುದು ಎರಡು ಟ್ರ್ಯಾಕ್ಟರ್. ಒಂದು ಟ್ರೇಲರಿನಲ್ಲಿ ಐದು ದನ. ಹತ್ತಿಸಿ, ಇಳಿಸಿ, ಮರಳಿ ಬರಲು 50 ನಿಮಿಷ. ಒಂದು ಸಲಕ್ಕೆ ಹತ್ತು ದನ ಅಂದರೆ ಆರು ಸುತ್ತು, ಐದು ಗಂಟೆ. ಸಾಲುವುದಿಲ್ಲ. ಅದೇ ದನಗಳನ್ನು ನಡೆಸಿಕೊಂಡು ಹೋದರೆ ಮೂರು ಕಿಲೋಮೀಟರ್ ದೂರದ ಮಡ್ಡಿಗೆ, ಅಂದರೆ ಎತ್ತರದ ಒಣ ನೆಲಕ್ಕೆ, ಒಂದೂವರೆ ಗಂಟೆ. ಹಾಗಾಗಿ ಸ್ಕ್ರಿಪ್ಟಿನಲ್ಲಿ ‘ದನಗಳನ್ನು ನಡೆಸಿಕೊಂಡು ಹೋಗಿ, ಟ್ರ್ಯಾಕ್ಟರ್ ಕರುಗಳಿಗೆ ಮತ್ತು ನಡೆಯಲಾಗದವರಿಗೆ’ ಅಂತ ಬಂತು. ಈ ಲೆಕ್ಕ ಹಾಕದಿದ್ದರೆ ‘ದನಗಳನ್ನು ಸುರಕ್ಷಿತ ಜಾಗಕ್ಕೆ ಸಾಗಿಸಿ’ ಅಂತ ಬರೆದು ಸುಮ್ನೆ ಕೈ ತೊಳೆದುಕೊಳ್ಳುತ್ತಿದ್ದೆವು. ಆಗ ಎಲ್ಲರೂ ಟ್ರ್ಯಾಕ್ಟರ್ ಕಾಯುತ್ತಾ ನಿಲ್ಲುತ್ತಿದ್ದರು.

ಕೊನೆಗೆ ಸಿಕ್ಕ ಸರದಿ ಇದು:

1. ಮೊದಲ ಗುರುತಿಗೆ ಮುಂಚೆ: ಮೋಟರ್ ಬಿಚ್ಚಿ ತರುವುದು, ಕಾಗದಪತ್ರ ಕಟ್ಟಿಡುವುದು, ಫೋನ್ ಚಾರ್ಜ್ ಮಾಡುವುದು.
2. ಮೊದಲ ಗುರುತು ಮುಟ್ಟಿದಾಗ: ದನಕರು ಮಡ್ಡಿಗೆ. ಅದೇ ಹೊತ್ತಿಗೆ ಗರ್ಭಿಣಿಯರು, ಹಾಸಿಗೆ ಹಿಡಿದವರು, ಚಿಕ್ಕ ಮಕ್ಕಳು ಟ್ರ್ಯಾಕ್ಟರಿನಲ್ಲಿ ಹೊರಗೆ. ಆಮೇಲೆ ಗ್ಯಾಸ್, ಕರೆಂಟ್ ಬಂದ್ ಮಾಡಿ ಉಳಿದವರೂ ಹೊರಗೆ.
3. ಮೋರಿ ಮುಚ್ಚಿದ ಮೇಲೆ: ಯಾರೂ ದಾಟಬಾರದು. ಕಟ್ಟಿದ ದನ ಉಳಿದಿದ್ದರೆ ಹಗ್ಗ ಬಿಚ್ಚಿ ಬಿಡಬೇಕು. ಎತ್ತರದ ಗಟ್ಟಿ ಕಟ್ಟಡಕ್ಕೆ ಹತ್ತಿ 112ಕ್ಕೆ ಫೋನ್ ಮಾಡಬೇಕು.

ಮೂರನೇ ಸಾಲು ಬರೆಯಲು ತುಂಬಾ ಜನ ಹಿಂಜರಿಯುತ್ತಾರೆ. ಬೇಗ ಹೊರಡಿ ಅಂತ ಹೇಳಿದ ಮೇಲೆ ಉಳಿದವರ ಮಾತು ಯಾಕೆ ಅಂತ. ಆದರೆ ಕೆಲವರು ಉಳಿದೇ ಉಳಿಯುತ್ತಾರೆ. ಅವರ ಕೈಗೂ ಒಂದು ಕೆಲಸ ಕೊಡಬೇಕು.

## ಹಂತ 3: ಒಂದು ವಿಡಿಯೊ ಬೇಡ, ಮೂರು ತುಂಡು ಮಾಡಿ

ನೀರು ಏರುವಾಗ ಯಾರೂ ಐದು ನಿಮಿಷ ನೋಡುವುದಿಲ್ಲ. ಒಂದೊಂದು ನಿಮಿಷದ ಮೂರು ತುಂಡು ಬರೆಯಿರಿ: ‘ಹೊಳೆ ಏರುವ ಮೊದಲು’, ‘ಹೊರಡುವಾಗ’, ‘ಮರಳಿ ಬಂದಾಗ’. ಪ್ರತಿ ತುಂಡೂ ತನ್ನಷ್ಟಕ್ಕೆ ಅರ್ಥವಾಗಬೇಕು. ವಾಟ್ಸ್‌ಆ್ಯಪಿನಲ್ಲಿ ಯಾರೋ ಎರಡನೆಯದನ್ನು ಮಾತ್ರ ಕಳಿಸುತ್ತಾರೆ, ಅಲ್ವಾ? ‘ಮೊದಲೇ ಹೇಳಿದಂತೆ’ ಅನ್ನೋ ಮಾತು ಬಂದರೆ ಹೊಡೆದುಹಾಕಿ.

ಮೂರನೇ ತುಂಡನ್ನು ಜನ ಮರೆತೇಬಿಡುತ್ತಾರೆ. ಅದರಲ್ಲಿ ಮುಖ್ಯವಾದವು ನಾಲ್ಕು. ಮಣ್ಣಿನ ಗೋಡೆಯ ಮನೆ ನೀರಿಳಿದ ಮೇಲೂ ಬೀಳುತ್ತದೆ. ಒಳಗೆ ಕಾಲಿಡುವ ಮೊದಲು ಹೊರಗಿನಿಂದ ಸುತ್ತು ಹಾಕಿ ಬಿರುಕು, ಉಬ್ಬು, ವಾಲಿದ ಗೋಡೆ ನೋಡಬೇಕು. ಮೂಲೆಯಲ್ಲಿ, ಕಟ್ಟಿಗೆ ರಾಶಿಯಲ್ಲಿ ಹಾವು ಇರಬಹುದು, ಕೋಲಿನಿಂದ ಸರಿಸದೆ ಕೈ ಹಾಕಬಾರದು. ಬಾವಿ, ಬೋರ್‌ವೆಲ್ ನೀರನ್ನು ಕುದಿಸದೆ ಕುಡಿಯಬಾರದು. ತೊಯ್ದ ಸ್ವಿಚ್ ಬೋರ್ಡನ್ನು ಎಲೆಕ್ಟ್ರಿಷಿಯನ್ ನೋಡುವವರೆಗೆ ಮೇನ್ ಹಾಕಬಾರದು.

## ಹಂತ 4: ಮಾತು ಬರೆಯಿರಿ

ಹಾಳೆಯನ್ನು ಮೂರು ಅಂಕಣ ಮಾಡಿ: ಕಣ್ಣಿಗೆ ಕಾಣುವುದು, ಪರದೆ ಮೇಲಿನ ಬರಹ, ಕಿವಿಗೆ ಕೇಳುವ ಮಾತು. ಒಂದು ದೃಶ್ಯಕ್ಕೆ ಒಂದೇ ಕೆಲಸ. ‘ಗ್ಯಾಸ್ ಮತ್ತು ಕರೆಂಟ್ ಬಂದ್ ಮಾಡಿ ಕಾಗದ ತೆಗೆದುಕೊಂಡು’ ಅಂತ ಬರೆದರೆ ಅದು ಮೂರು ದೃಶ್ಯ.

ಮಾತಿನ ಕಟ್ಟು ಹೀಗಿರಲಿ: ಮೊದಲು ಗುರುತು, ಆಮೇಲೆ ಕೆಲಸ, ಬೇಕಿದ್ದರೆ ಮಾತ್ರ ಕಾರಣ. ‘ಜಾಕ್‌ವೆಲ್ ಕಟ್ಟೆಗೆ ನೀರು ಬಂದರೆ ದನ ಬಿಚ್ಚಿ. ಮೋರಿ ಬೇಗ ಮುಚ್ಚುತ್ತದೆ.’ ಕಾರಣ ಮೊದಲು ಬಂದರೆ ಕೆಲಸ ಹಿಂದೆ ಬೀಳುತ್ತದೆ.

ಊರಿನ ಮಾತಲ್ಲೇ ಬರೆಯಿರಿ. ಚಿಕ್ಕೋಡಿ ಕಡೆ ‘ಮಾಡ್ರಿ’, ‘ಹೋಗ್ರಿ’ ಅನ್ನುತ್ತಾರೆ. ಅದರಲ್ಲಿ ಮರ್ಯಾದೆಯೂ ಇದೆ, ಒತ್ತಾಯವೂ ಇದೆ. ‘ಸಾರ್ವಜನಿಕರು ಸುರಕ್ಷಿತ ಸ್ಥಳಗಳಿಗೆ ಸ್ಥಳಾಂತರಗೊಳ್ಳತಕ್ಕದ್ದು’ ಅಂದರೆ ಅದು ಬೇರೆ ಯಾರಿಗೋ ಹೇಳಿದಂತೆ ಕೇಳುತ್ತದೆ. ಗಡಿಯ ಆ ಊರುಗಳಲ್ಲಿ ಮನೆಯಲ್ಲಿ ಮರಾಠಿ ಆಡುವವರೂ ಇದ್ದಾರೆ. ಅದೇ ದೃಶ್ಯಗಳಿಗೆ ಮರಾಠಿ ದನಿಯನ್ನೂ ಹಾಕಿ ಇನ್ನೊಂದು ಪ್ರತಿ ಮಾಡಿ.

ಇನ್ನೊಂದು ನಿಯಮ, ಇದನ್ನು ದಯವಿಟ್ಟು ಮೀರಬೇಡಿ. ಮುಂಜಾಗ್ರತೆಯ ವಿಡಿಯೊದಲ್ಲಿ ‘ಇವತ್ತು’, ‘ನಾಳೆ’, ‘ಈಗ’, ‘ನೀರು ಬಿಟ್ಟಿದ್ದಾರೆ’ ಅನ್ನೋ ಮಾತು ಬರಲೇಬಾರದು. ಈ ವಿಡಿಯೊ ಮುಂದಿನ ವರ್ಷವೂ ಸುತ್ತುತ್ತದೆ. ‘ಇವತ್ತು ರಾತ್ರಿ ನೀರು ಬರುತ್ತದೆ’ ಅನ್ನೋ ಹಳೆಯ ತುಂಡೊಂದು ಒಣ ದಿನದಲ್ಲಿ ಹರಿದಾಡಿದರೆ ಊರು ಸುಮ್ಮನೆ ಓಡುತ್ತದೆ. ಮರುಸಲ ನಿಜ ಬಂದಾಗ ಯಾರೂ ಏಳುವುದಿಲ್ಲ. ಯಾವಾಗ ಅನ್ನೋದನ್ನು ಗುರುತು ಹೇಳಲಿ, ತಾರೀಕು ಬೇಡ. ತಯಾರಿಸಿದ ವರ್ಷವನ್ನು ಮಾತ್ರ ಪ್ರತಿ ದೃಶ್ಯದ ಮೇಲಿನ ಮೂಲೆಯಲ್ಲಿ ಸಣ್ಣದಾಗಿ ಹಾಕಿ.

## ಹಂತ 5: ಎಚ್ಚರಿಕೆಯ ದೃಶ್ಯಗಳು

ಎಚ್ಚರಿಕೆಯ ದೃಶ್ಯ ಅಂದಕೂಡಲೇ ಜನ ನೆರೆಯ ಹಳೆಯ ತುಣುಕು ಹುಡುಕುತ್ತಾರೆ. ಬೇರೆ ರಾಜ್ಯದ ಸೇತುವೆ ಕೊಚ್ಚಿಹೋಗುವ ದೃಶ್ಯ ಹಾಕುತ್ತಾರೆ. ನೋಡಿದವರು ‘ಇದು ನಮ್ಮೂರಲ್ಲ’ ಅಂದುಕೊಂಡು ಬಿಡುತ್ತಾರೆ. ಅಲ್ಲಿಗೆ ಇಡೀ ವಿಡಿಯೊದ ಮೇಲಿನ ನಂಬಿಕೆ ಹೋಯಿತು.

ಅದಕ್ಕೆ ನೀಲಿ ರಿಬ್ಬನ್. ಬೇಸಿಗೆಯ ಒಣ ದಿನ ಜಾಕ್‌ವೆಲ್ ಕಟ್ಟೆಗೆ ಹೋಗಿ. ಹಿಂದಿನ ನೀರಿನ ಕಲೆ ಎಲ್ಲಿದೆಯೋ ಅಲ್ಲಿ ರಿಬ್ಬನ್ ಕಟ್ಟಿ. ಊರಿನವರೊಬ್ಬರು ಅದರ ಪಕ್ಕ ನಿಂತು ಕೈ ಇಟ್ಟು ತೋರಿಸಲಿ. ಮೋರಿಯ ಹತ್ತಿರವೂ ಹಾಗೇ. ಎಲ್ಲರೂ ದಿನಾ ನೋಡುವ ಜಾಗದಲ್ಲಿ, ಗೊತ್ತಿರುವ ಮುಖದ ಎದೆಮಟ್ಟಕ್ಕೆ ನೀಲಿ ಗೆರೆ ಕಂಡರೆ ಸಾಕು. ಅದನ್ನು ನೋಡಿ ಮೊದಲ ಸಲ ನಮ್ಮ ಎದುರೇ ಒಬ್ಬ ತಾಯಿ ‘ಅಂದ್ರ ನಮ್ಮ ಹೊಸ್ತಿಲಾ?’ ಅಂತ ಎದ್ದು ಹೋಗಿ ತಮ್ಮ ಮನೆಯ ಗೋಡೆ ನೋಡಿ ಬಂದರು. ಯಾವ ಭಯದ ಸಂಗೀತವೂ ಮಾಡದ ಕೆಲಸವನ್ನು ಹತ್ತು ಮೀಟರ್ ರಿಬ್ಬನ್ ಮಾಡಿತು. ಆಮೇಲೆ ಪಂಚಾಯಿತಿ ಒಪ್ಪಿದರೆ ಅದೇ ಎತ್ತರದಲ್ಲಿ ಬಣ್ಣದ ಗೆರೆ ಎಳೆಸಿ. ನೆರೆ ನೀರಿನಲ್ಲಿ ಇಳಿದು ಚಿತ್ರ ತೆಗೆಯುವ ಯೋಚನೆಯನ್ನೇ ಮಾಡಬೇಡಿ.

ಎರಡನೇ ಎಚ್ಚರಿಕೆ: ಮಾಡಬಾರದ್ದನ್ನು ಮಾಡಿ ತೋರಿಸಬೇಡಿ. ಹರಿಯುವ ನೀರಿನಲ್ಲಿ ಬೈಕ್ ದಾಟಿಸುವುದನ್ನು ತೋರಿಸಿ ಮೇಲೆ ಕೆಂಪು ಅಡ್ಡಗೆರೆ ಹಾಕಿದರೆ, ಶಬ್ದ ಇಲ್ಲದೆ ನೋಡುವ ಹುಡುಗನಿಗೆ ಕಾಣುವುದು ಬೈಕ್ ದಾಟಿದ್ದು. ಬೈಕ್ ಮೋರಿಯ ಈಚೆ ನಿಂತು ತಿರುಗಿಸಿಕೊಂಡು ಹೋಗುವುದನ್ನು ತೋರಿಸಿ. ಮಾತಿನಲ್ಲಿ ಅಳತೆ ಹೇಳಿ: ಜೋರಾಗಿ ಹರಿಯುವ ನೀರು ಬರೀ ಅರ್ಧ ಅಡಿ ಇದ್ದರೂ ದೊಡ್ಡವರ ಕಾಲು ಕೀಳಬಹುದು. ಒಂದಡಿ ಇದ್ದರೆ ಸಣ್ಣ ಕಾರು ತೇಲಬಹುದು. ಆಗಲೇ ಆ ಬೈಕ್ ತಿರುಗಿದ್ದು ಯಾಕೆ ಅಂತ ಮನಸ್ಸಿಗೆ ಹತ್ತುತ್ತದೆ.

ಬಣ್ಣದ ಬಗ್ಗೆ ಒಂದು ಮಾತು. ಹವಾಮಾನ ಇಲಾಖೆಯ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳು ಇಡೀ ಜಿಲ್ಲೆಯ ಮಳೆಗೆ ಸಂಬಂಧಿಸಿದವು. ಹಳದಿ ಅಂದರೆ ಗಮನವಿಡಿ, ಕಿತ್ತಳೆ ಅಂದರೆ ಸಿದ್ಧರಾಗಿ, ಕೆಂಪು ಅಂದರೆ ಕ್ರಮ ತೆಗೆದುಕೊಳ್ಳಿ. ನಿಮ್ಮ ಊರಿನ ಗುರುತುಗಳಿಗೂ ಅದೇ ಬಣ್ಣ ಹಾಕಿದರೆ ಗೊಂದಲ ಗ್ಯಾರಂಟಿ. ಮೇಲೆ ಘಟ್ಟದಲ್ಲಿ ಮಳೆ ಸುರಿದು ಹೊಳೆ ಏರಿದಾಗ ನಿಮ್ಮ ಜಿಲ್ಲೆಗೆ ಹಸಿರೇ ಇರಬಹುದು. ಗುರುತುಗಳಿಗೆ 1, 2, 3 ಅಂತ ದೊಡ್ಡ ಅಂಕಿ ಕೊಡಿ. ಬಣ್ಣ ಗುರುತಿಸಲಾಗದವರಿಗೂ ಅದು ಕಾಣುತ್ತದೆ.

ಪರದೆ ಮೇಲಿನ ಬರಹ ನಾಲ್ಕೈದು ಪದ ದಾಟದಿರಲಿ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೆಯ ನುಡಿ ಫಾಂಟಿನ ಬರಹವನ್ನು ಎಡಿಟಿಂಗ್ ಆ್ಯಪಿಗೆ ಅಂಟಿಸಿದರೆ ಅಕ್ಷರವೆಲ್ಲ ಚೆಲ್ಲಾಪಿಲ್ಲಿ. ಸಾಲುಗಳ ನಡುವೆ ಅಂತರ ಜಾಸ್ತಿ ಬಿಡಿ. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ‘ಎಚ್ಚರ’, ‘ವಿದ್ಯುತ್’, ‘ಎತ್ತರ’ ಈ ಮೂರು ಪದ ಹಾಕಿ ನೋಡಿ, ಒತ್ತು ಒಡೆದು ಕಂಡರೆ ಫಾಂಟ್ ಬದಲಿಸಿ.

## ಹಂತ 6: ಸಮಾಧಾನದ ದನಿ

ಸಮಾಧಾನದ ದನಿ ಅಂದರೆ ಲಾಲಿ ಹಾಡುವ ದನಿ ಅಲ್ಲ. ಮನೆಯ ಹಿರಿಯರು ಊರಿಗೆ ಹೊರಟವರಿಗೆ ‘ಟಿಕೆಟ್ ತಗೊಂಡ್ಯಾ? ನೀರು ಇಟ್ಕೊಂಡ್ಯಾ?’ ಅಂತ ಕೇಳುತ್ತಾರಲ್ಲ, ಆ ದನಿ. ಊರಿನ ಆಶಾ ಕಾರ್ಯಕರ್ತೆಯಿಂದ ಓದಿಸಿ. ಅವರ ದನಿ ಪ್ರತಿ ಮನೆಗೂ ಗೊತ್ತು.

ನಿಮಿಷಕ್ಕೆ 80 ಪದದ ಹತ್ತಿರ ಓದಿದರೆ ಸಾಕು ಅನ್ನೋದು ನನ್ನ ಲೆಕ್ಕ. ಕನ್ನಡದ ಪದಗಳು ಉದ್ದ, ಅದಕ್ಕಿಂತ ಜೋರಾದರೆ ಕೊನೆಯ ಪ್ರತ್ಯಯ ನುಂಗಿಹೋಗುತ್ತದೆ. ‘ದಾಟಬೇಡ್ರಿ’ಯಲ್ಲಿ ಮುಖ್ಯವಾದ ‘ಬೇಡ’ ಇರುವುದೇ ಪದದ ಬಾಲದಲ್ಲಿ! ಹಾಗಾಗಿ ಬೇಡ ಅನ್ನೋ ಮಾತುಗಳಲ್ಲಿ ‘ಯಾರೂ’ ಅಂತ ಮುಂದೆ ಸೇರಿಸಿ: ‘ಯಾರೂ ಮೋರಿ ದಾಟಬೇಡ್ರಿ.’ ಪ್ರತಿ ಕೆಲಸದ ನಂತರ ಎರಡು ಸೆಕೆಂಡ್ ಮೌನ ಬಿಡಿ. ಹಿನ್ನೆಲೆ ಸಂಗೀತ ಬೇಡವೇ ಬೇಡ.

## ಪೂರ್ತಿ ಬರೆದ ಒಂದು ತುಂಡು: ‘ಹೊರಡುವಾಗ’

ಆ ಊರಿನ ಎರಡನೇ ತುಂಡಿನ ಬಹುತೇಕ ಕೊನೆಯ ರೂಪ ಇದು. ಆಮೇಲೆ ಬದಲಿಸಿದ ಒಂದು ಮಾತನ್ನು ಏಳನೇ ಹಂತದಲ್ಲಿ ಹೇಳುತ್ತೇನೆ. ಸುಮಾರು 75 ಸೆಕೆಂಡ್.

ದೃಶ್ಯ 1. ಜಾಕ್‌ವೆಲ್ ಕಟ್ಟೆ, ನೀಲಿ ರಿಬ್ಬನ್, ಪಕ್ಕದಲ್ಲಿ ಊರಿನ ಹಿರಿಯರು.
ಬರಹ: 1. ಜಾಕ್‌ವೆಲ್ ಕಟ್ಟೆಗೆ ನೀರು
ದನಿ: ಹೊಳಿ ನೀರು ಈ ಕಟ್ಟೀಗೆ ಬಂದ್ರ, ಊರು ಬಿಡೂ ಹೊತ್ತು ಅದು. ದಾರಿ ಇನ್ನೂ ತೆರದೈತಿ.

ದೃಶ್ಯ 2. ಕೈ ಗೂಟದಿಂದ ಹಗ್ಗ ಬಿಚ್ಚುತ್ತದೆ. ದನಗಳು ರಸ್ತೆಯಲ್ಲಿ ನಡೆಯುತ್ತವೆ.
ಬರಹ: ದನ ನಡೆಸಿ, ಮಡ್ಡಿಗೆ
ದನಿ: ಮೊದಲ ದನಾ ಬಿಚ್ಚ್ರಿ. ನಡೆಸ್ಕೊಂಡು ಮಡ್ಡಿಗೆ ಹೋಗ್ರಿ. ಮೇವು ಅಲ್ಲೈತಿ. ಟ್ರ್ಯಾಕ್ಟರ್ ಕಾಯಬ್ಯಾಡ್ರಿ.

ದೃಶ್ಯ 3. ಅಜ್ಜಿಯನ್ನು ಕುರ್ಚಿ ಸಮೇತ ಇಬ್ಬರು ಎತ್ತಿ ಟ್ರೇಲರಿಗೆ ಕೂರಿಸುತ್ತಾರೆ.
ಬರಹ: ಟ್ರ್ಯಾಕ್ಟರ್ ಇವರಿಗೆ
ದನಿ: ಅದೇ ಹೊತ್ತಿಗೆ ವಯಸ್ಸಾದವರು, ಬಸುರಿ ಹೆಣ್ಮಕ್ಕಳು, ಸಣ್ಣ ಮಕ್ಕಳು, ಕರುಗಳು ಟ್ರ್ಯಾಕ್ಟರಿನ್ಯಾಗ ಹೋಗ್ಲಿ. ದಿನಾ ತಗೋಳೂ ಗುಳಿಗಿ ಕೈಯಾಗ ಇರಲಿ.

ದೃಶ್ಯ 4. ಒಂದು ಕೈ ಗ್ಯಾಸ್ ರೆಗ್ಯುಲೇಟರ್ ತಿರುಗಿಸುತ್ತದೆ.
ಬರಹ: ಗ್ಯಾಸ್ ಬಂದ್
ದನಿ: ಗ್ಯಾಸ್ ಬಂದ್ ಮಾಡ್ರಿ.

ದೃಶ್ಯ 5. ಒಣ ನೆಲದ ಮೇಲೆ ಚಪ್ಪಲಿ ಹಾಕಿದ ಕಾಲು. ಮೇನ್ ಸ್ವಿಚ್ ಕೆಳಗಿಳಿಯುತ್ತದೆ.
ಬರಹ: ಮೇನ್ ಬಂದ್, ನೆಲ ಒಣಗಿದ್ದರೆ
ದನಿ: ನೆಲಾ ಒಣಗಿದ್ರ ಮೇನ್ ಸ್ವಿಚ್ ಇಳಸ್ರಿ. ನೀರಾಗ ನಿಂತು ಯಾರೂ ಸ್ವಿಚ್ ಮುಟ್ಟಬ್ಯಾಡ್ರಿ. 1912ಕ್ಕ ಫೋನ್ ಮಾಡ್ರಿ.

ದೃಶ್ಯ 6. ಗೂಟಕ್ಕೆ ತೂಗಿದ ಪ್ಲಾಸ್ಟಿಕ್ ಚೀಲವನ್ನು ತೆಗೆದು ಹೆಗಲಿಗೆ ಹಾಕುತ್ತಾರೆ.
ಬರಹ: ಕಾಗದದ ಚೀಲ
ದನಿ: ಕಟ್ಟಿಟ್ಟ ಕಾಗದದ ಚೀಲ ತಗೊಂಡು ಹೊರಡ್ರಿ. ಮತ್ತ ಏನೂ ಹುಡುಕಬ್ಯಾಡ್ರಿ.

ದೃಶ್ಯ 7. ಮೋರಿ, ನೀಲಿ ರಿಬ್ಬನ್. ಬೈಕ್ ಸವಾರ ಈಚೆ ನಿಂತು ಹಿಂದೆ ತಿರುಗುತ್ತಾನೆ.
ಬರಹ: 2. ಮೋರಿ ಮೇಲೆ ನೀರು, ದಾಟಬೇಡಿ
ದನಿ: ಮೋರಿ ಮ್ಯಾಲೆ ನೀರು ಬಂದಿದ್ರ ಯಾರೂ ದಾಟಬ್ಯಾಡ್ರಿ. ಕಟ್ಟಿದ ದನಾ ಬಿಚ್ಚಿ ಬಿಡ್ರಿ. ಸಾಲಿ ಮಾಳಿಗಿ ಹತ್ರಿ. 112ಕ್ಕ ಫೋನ್ ಮಾಡ್ರಿ.

ದೃಶ್ಯ 8. ಹಾಳೆಯ ಮೇಲೆ ಕೈಯಿಂದ ಬರೆದ ಕಾಳಜಿ ಕೇಂದ್ರದ ಹೆಸರು, 112, 1077. ದನಿ ಇಲ್ಲ.

ಕಾಗದ ಹುಡುಕುವ ದೃಶ್ಯ ಇಲ್ಲಿಲ್ಲ, ಗಮನಿಸಿ. ರೇಷನ್ ಕಾರ್ಡ್, ಆಧಾರ್, ಪಾಸ್‌ಬುಕ್, ಪಹಣಿ ಎಲ್ಲ ಮೊದಲ ತುಂಡಿನಲ್ಲೇ ಚೀಲಕ್ಕೆ ಹೋಗಿ ಗೂಟಕ್ಕೆ ತೂಗಿರುತ್ತವೆ. ಕಾಳಜಿ ಕೇಂದ್ರದ ಹೆಸರನ್ನು ಕೊನೆಯ ದೃಶ್ಯದಲ್ಲಿ ಹಾಳೆಯ ಮೇಲೆ ಬರೆದು ತೋರಿಸಿದ್ದೂ ಬೇಕೆಂದೇ. ಮುಂದಿನ ವರ್ಷ ಕೇಂದ್ರ ಬೇರೆ ಶಾಲೆಗೆ ಹೋದರೆ ಆ ಒಂದು ದೃಶ್ಯ ಬದಲಿಸಿದರೆ ಸಾಕು. ದನಿಯಲ್ಲಿ ಹೆಸರು ಹೇಳಿದ್ದರೆ ಎಲ್ಲ ಮತ್ತೆ ಓದಿಸಬೇಕಿತ್ತು. ಹಾಗಾದರೆ ಓದಲು ಬಾರದವರಿಗೆ? ಅವರಿಗಾಗಿ ಕೇಂದ್ರದ ಗೇಟನ್ನೇ ಆ ಹಾಳೆಯ ಹಿಂದೆ ಕಾಣುವಂತೆ ಇಟ್ಟೆವು. 1912 ವಿದ್ಯುತ್ ಸಹಾಯವಾಣಿ, 1077 ಜಿಲ್ಲಾ ವಿಪತ್ತು ಸಹಾಯವಾಣಿ. ಯಾವ ನಂಬರ್ ಹಾಕಿದರೂ ಆ ಮಳೆಗಾಲದ ಮೊದಲು ಒಮ್ಮೆ ನೀವೇ ಫೋನ್ ಮಾಡಿ ನೋಡಿ.

## ಹಂತ 7: ಬಿಡುವ ಮೊದಲು ಪರೀಕ್ಷೆ

ಮೊದಲು ಶಬ್ದ ಬಂದ್ ಮಾಡಿ ನೋಡಿ. ಆಮೇಲೆ ಕಣ್ಣು ಮುಚ್ಚಿ ಕೇಳಿ. ಎರಡರಲ್ಲೂ ಕೆಲಸಗಳ ಸರದಿ ತಿಳಿಯಬೇಕು. ‘ಇಲ್ಲಿ ಕಾಣುವಂತೆ’ ಅನ್ನೋ ಮಾತು ಕೇಳಿಸಿದರೆ ಅಲ್ಲಿ ದನಿ ಸೋತಿದೆ. ನಮ್ಮ ದೃಶ್ಯ 1ರಲ್ಲೇ ‘ಈ ಕಟ್ಟೀಗೆ’ ಅಂತ ಇತ್ತು ನೋಡಿ. ಕಣ್ಣು ಮುಚ್ಚಿ ಕೇಳಿದಾಗಲೇ ಅದು ಸಿಕ್ಕಿದ್ದು. ಕೊನೆಯ ಪ್ರತಿಯಲ್ಲಿ ‘ಜಾಕ್‌ವೆಲ್ ಕಟ್ಟೀಗೆ’ ಅಂತ ಮತ್ತೆ ಓದಿಸಿದೆವು.

ಆಮೇಲೆ ತಗ್ಗಿನ ಓಣಿಯ ಐದು ಜನಕ್ಕೆ ಒಬ್ಬೊಬ್ಬರಿಗೇ ತೋರಿಸಿ. ‘ಹೇಗಿದೆ?’ ಅಂತ ಕೇಳಬೇಡಿ, ‘ಚಲೋ ಐತಿ’ ಅಂತಲೇ ಹೇಳುತ್ತಾರೆ. ‘ಕಟ್ಟೆಗೆ ನೀರು ಬಂತು ಅಂತ ಗೊತ್ತಾಯಿತು. ಮೊದಲು ಏನು ಮಾಡ್ತೀರಿ? ಆಮೇಲೆ?’ ಅಂತ ಕೇಳಿ ಸುಮ್ಮನಿರಿ. ನಮ್ಮ ಮೊದಲ ಪ್ರತಿ ನೋಡಿದ ಐವರಲ್ಲಿ ಮೂವರು ‘ಹೊಳೆ ನೋಡಿ ಬರ್ತೀನಿ’ ಅಂದರು. ತಪ್ಪು ಅವರದಲ್ಲ. ವಿಡಿಯೊದ ಮೊದಲ ದೃಶ್ಯವೇ ಜನ ಹೊಳೆ ನೋಡುತ್ತಾ ನಿಂತದ್ದಾಗಿತ್ತು. ಆ ಗುಂಪನ್ನು ತೆಗೆದು ಹಿರಿಯರೊಬ್ಬರನ್ನೇ ನಿಲ್ಲಿಸಿದೆವು. ಅವರು ಕೈ ತೋರಿಸಿ ಕೂಡಲೇ ಊರ ಕಡೆ ತಿರುಗಿ ನಡೆಯುತ್ತಾರೆ. ಎರಡನೇ ಸಲ ಕೇಳಿದಾಗ ‘ದನಾ ಬಿಚ್ತೀನಿ’ ಅನ್ನೋ ಉತ್ತರ ಬಂತು.

ಸ್ಕ್ರಿಪ್ಟ್ ಸೋಲುತ್ತಿದೆ ಅನ್ನೋದಕ್ಕೆ ಬೇರೆ ಲಕ್ಷಣಗಳೂ ಇವೆ. ನೋಡಿದವರು ಕೆಲಸದ ಬದಲು ದೃಶ್ಯದ ಬಗ್ಗೆ ಮಾತಾಡಿದರೆ ದೃಶ್ಯ ಜೋರಾಯಿತು. ‘ಯಾವಾಗ?’ ಅಂತ ಮತ್ತೆ ಕೇಳಿದರೆ ಗುರುತು ಸರಿಯಾಗಿ ಹತ್ತಿಲ್ಲ. ಮಕ್ಕಳು ಹೆದರಿ ಅಮ್ಮನ ಹಿಂದೆ ಹೋದರೆ ದನಿಯನ್ನೋ ಚಿತ್ರವನ್ನೋ ತಗ್ಗಿಸಬೇಕು.

## ಹಂತ 8: ಹಂಚುವುದು

ನೆರೆ ದಿನಗಳಲ್ಲಿ ಸಿಗ್ನಲ್ ಇರುವುದಿಲ್ಲ, ಚಾರ್ಜೂ ಇರುವುದಿಲ್ಲ. ಆದ್ದರಿಂದ ಮೇ ಕೊನೆಯೊಳಗೆ ಎಲ್ಲರ ಫೋನಿನಲ್ಲಿ ವಿಡಿಯೊ ಇಳಿದಿರಬೇಕು. ಲಿಂಕ್ ಕಳಿಸಬೇಡಿ, ಫೈಲನ್ನೇ ಕಳಿಸಿ. 480p ಗುಣಮಟ್ಟದಲ್ಲಿ ಇಟ್ಟರೆ ಒಂದು ನಿಮಿಷದ ತುಂಡು ಐದಾರು ಎಂಬಿಯೊಳಗೆ ಕೂರುತ್ತದೆ. ಫೈಲಿಗೆ ‘2_ಹೊರಡುವಾಗ’ ಅಂತ ಅಂಕಿ ಸಮೇತ ಹೆಸರಿಡಿ. ದನಿಯನ್ನು ಮಾತ್ರ ಬೇರೆ ಫೈಲಾಗಿ ಪಂಚಾಯಿತಿಗೆ ಕೊಡಿ. ಆಟೊಗೆ ಮೈಕ್ ಕಟ್ಟಿ ಓಣಿಯಲ್ಲಿ ಸಾರಲು ಅದೇ ಆಗುತ್ತದೆ. ಫೋನ್ ಇಲ್ಲದ ಮನೆಗೂ ಅದೇ ಗೊತ್ತಿರುವ ದನಿ ಮುಟ್ಟುತ್ತದೆ.

ಪ್ರತಿ ವರ್ಷ ಏಪ್ರಿಲ್‌ನಲ್ಲಿ ಮತ್ತೊಮ್ಮೆ ಹಿರಿಯರ ಜೊತೆ ಅದೇ ದಾರಿ ನಡೆದು ಬನ್ನಿ. ಹೊಸ ರಸ್ತೆ ಎತ್ತರಿಸಿರಬಹುದು, ಮೋರಿ ದೊಡ್ಡದು ಮಾಡಿರಬಹುದು, ಹಳ್ಳದಲ್ಲಿ ಹೂಳು ತುಂಬಿರಬಹುದು. ಆಗ ಗಂಟೆಯ ಲೆಕ್ಕವೂ ಬದಲಾಗುತ್ತದೆ. ಮೋರಿ ಎತ್ತರವಾಗಿದ್ದರೆ ಹೊರದಾರಿಯಲ್ಲಿ ಈಗ ಅತಿ ತಗ್ಗು ಯಾವುದು ಅಂತ ಹುಡುಕಿ, ರಿಬ್ಬನ್ ಅಲ್ಲಿಗೆ ಕಟ್ಟಿ, ದೃಶ್ಯ 7ನ್ನು ಮತ್ತೆ ತೆಗೆಯಿರಿ.